ಪಡುವಣ ಗೋಡೆಗೆ ಯಾವ ಕಲ್ಲು?

ರಬಕವಿಯು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಊರಾದುದರಿಂದ, ಮೇ ತಿಂಗಳ ಮೊದಲ ವಾರದಲ್ಲೊಮ್ಮೆ ಮತ್ತು ಆಗಸ್ಟಿನ ಮೊದಲ ವಾರದ ಕೊನೆಯಲ್ಲೊಮ್ಮೆ ಮಧ್ಯಾಹ್ನದ ಸೂರ್ಯನು ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುವನು. ಆಗಸ್ಟಿನ ಸೂರ್ಯನಿಗೆ ಮೋಡದ ಮರೆಯಾದರೂ ಇರುತ್ತದೆ; ಮೇ ತಿಂಗಳವನಿಗೆ ಅದೂ ಇಲ್ಲ. ಮಧ್ಯಾಹ್ನವೆಲ್ಲ ಮಾಳಿಗೆಯನ್ನು ಕಾಯಿಸಿ, ಮೂರು ಗಂಟೆಯಿಂದಾಚೆಗೆ ಪಡುವಣಕ್ಕೆ ಇಳಿಯುತ್ತ, ಹೊರಗಿನ ಗಾಳಿಯೂ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿರುವ ಹೊತ್ತಿನಲ್ಲಿಯೇ ಅವನು ಮನೆಯ ಪಶ್ಚಿಮದ ಗೋಡೆಯನ್ನು ದಿಟ್ಟಿಸಿ ನೋಡುವನು. ಮೂಡಣ ಗೋಡೆಗೂ ಅಷ್ಟೇ ಬಿಸಿಲು ಬೀಳುತ್ತದೆಯಾದರೂ ಅದು ಗಾಳಿಯಿನ್ನೂ ತಂಪಾಗಿರುವ ಮುಂಜಾನೆಯ ಬಿಸಿಲು. ಆದಕಾರಣ, ರಬಕವಿ-ಬನಹಟ್ಟಿಯಲ್ಲಿ ಮನೆ ಕಟ್ಟಿಸಲು ಹೊರಟವರು ಕೆಂಪುಕಲ್ಲು ತರಿಸಲೋ, ಹಾರುಬೂದಿಯ ಇಟ್ಟಿಗೆ ಕೊಳ್ಳಲೋ, ಒತ್ತಿದ ಮಣ್ಣಿನ ಇಟ್ಟಿಗೆ ಮಾಡಿಸಲೋ, ಸಿಮೆಂಟಿನ ಬ್ಲಾಕು ಹಾಕಿಸಲೋ ಎಂದು ಕೇಳುವಾಗ, ಆ ಪ್ರಶ್ನೆಯು ವಾಸ್ತವವಾಗಿ ಒಂದೇ ಒಂದು ಗೋಡೆಗೆ ಮತ್ತು ಒಂದು ಮಾಳಿಗೆಗೆ ಸಂಬಂಧಿಸಿದ್ದು ಎಂಬುದನ್ನು ಮೊದಲೇ ತಿಳಿದಿರುವುದು ಲೇಸು.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಪದಾರ್ಥದಿಂದಲ್ಲದೆ ದಪ್ಪದಿಂದ ಪರಿಹರಿಸಿಕೊಂಡಿದ್ದರು. ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯ ಹಳೆಯ ಮನೆಗಳ ಕಲ್ಲುಮಣ್ಣಿನ ಗೋಡೆಗಳು ಎರಡು ಅಡಿಗೆ ಕಡಿಮೆಯಿರುತ್ತಿರಲಿಲ್ಲ. ಜಂತಿಯ ಮೇಲೆ ಹಲಗೆ, ಅದರ ಮೇಲೆ ಮೊಳದುದ್ದಕ್ಕೆ ಸಮೀಪವಾಗಿ ಮಣ್ಣಿನ ಮೇಲ್ಮುದ್ದೆ, ಬೆಳಕಿಗೆಂದು ನಡುವೆ ಒಂದು ಬೆಳಕಿಂಡಿ. ಒಳಗೆ ನೆಲದಲ್ಲಿ ಕುಣಿ ತೋಡಿ ಮಗ್ಗವನ್ನು ಹೂಡಿದ ನೇಕಾರನಿಗೆ ತಂಪು ಕೇವಲ ಸುಖದ ಮಾತಾಗಿರಲಿಲ್ಲ. ಒಣ ಬಿಸಿಗಾಳಿಗೆ ಹತ್ತಿಯ ನೂಲು ಪದೇ ಪದೇ ಹರಿಯುವುದರಿಂದ, ಮಂದವಾದ, ತುಸು ತೇವವುಳ್ಳ ಆ ಕತ್ತಲೆಯು ಅವನ ವೃತ್ತಿಗೇ ಬೇಕಾಗಿತ್ತು. ಎರಡು ಅಡಿಯ ಮಣ್ಣಿನ ಗೋಡೆಯನ್ನು ಹೊಕ್ಕ ಹಗಲಿನ ಕಾವು ಒಳಮೈಗೆ ಬಂದು ಮುಟ್ಟುವ ವೇಳೆಗೆ ಹೆಚ್ಚುಕಡಿಮೆ ಒಂದು ಅಹೋರಾತ್ರಿಯೇ ಕಳೆದಿರುತ್ತದೆ, ಮತ್ತು ಬರುವಷ್ಟರಲ್ಲಿ ಅದು ಕಾವೆಂದು ಗುರುತಿಸಲಾಗದಷ್ಟು ಕ್ಷೀಣಿಸಿರುತ್ತದೆ.

ಅಂಥ ಗೋಡೆಯನ್ನು ಇಂದು ಕಟ್ಟುವ ಹಾಗಿಲ್ಲ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಸೈಟಿನಲ್ಲಿ ಸುತ್ತಲೂ ಎರಡು ಅಡಿಯ ಗೋಡೆಯೆಬ್ಬಿಸಿದರೆ, ಆರು ನೂರು ಚದರಡಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಡೆಯ ಕೆಳಗೇ ಹೋಗುವುದು. ಅದಲ್ಲದೆ, 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಘಟಪ್ರಭೆಗಳು ದಂಡೆಯ ಹಳ್ಳಿಗಳನ್ನು ಹೊಕ್ಕಾಗ ಹಸಿಮಣ್ಣಿನ ಗೋಡೆಗಳು ನೀರಿನಲ್ಲಿ ನೆನೆದು ಕುಸಿದುದನ್ನು ಕಂಡವರು ಮತ್ತೆ ಆ ಗೋಡೆಯ ಕಡೆಗೆ ತಿರುಗಿ ನೋಡುವುದು ಕಷ್ಟ. ಹೀಗಾಗಿ ಉಳಿದಿರುವುದು ಆರರಿಂದ ಒಂಬತ್ತು ಅಂಗುಲದ ಗೋಡೆ. ಅಷ್ಟರೊಳಗೆ ಯಾವ ಪದಾರ್ಥವು ಏನು ಮಾಡಬಲ್ಲದು ಎಂಬುದೇ ವಿಚಾರ.

ಗೋಡೆಯೊಂದು ಬಿಸಿಲಿನೊಡನೆ ಎರಡು ಬಗೆಯ ವ್ಯವಹಾರವನ್ನು ಮಾಡುತ್ತದೆ. ಮೊದಲನೆಯದು, ಎಷ್ಟು ಶಾಖವನ್ನು ಒಳಗೆ ಬಿಡುವುದೆಂಬುದು. ಒಳಗೂ ಹೊರಗೂ ಹತ್ತು ಡಿಗ್ರಿಯ ಅಂತರವಿದ್ದು ಅದು ಹಾಗೆಯೇ ನಿಂತಿದೆಯೆಂದು ಭಾವಿಸಿದರೆ, ಒಂಬತ್ತು ಅಂಗುಲದ ಹಾರುಬೂದಿ ಇಟ್ಟಿಗೆಯ ಗೋಡೆಯ ಪ್ರತಿ ಚದರ ಮೀಟರಿನ ಮೂಲಕ ಸುಮಾರು 20 ವ್ಯಾಟಿನಷ್ಟು ಶಾಖ ಒಳಬರುವುದು; ಅಷ್ಟೇ ದಪ್ಪದ ಕೆಂಪುಕಲ್ಲಿನಲ್ಲಿ 23ರ ಸುಮಾರು; ಏಳೂವರೆ ಅಂಗುಲದ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ 25; ಆರು ಅಂಗುಲದ ಗಟ್ಟಿ ಸಿಮೆಂಟ್ ಬ್ಲಾಕಿನಲ್ಲಿ 31. ಕಲ್ಲಿನ ರಂಧ್ರಗಳು, ಇಟ್ಟಿಗೆಯ ಸಾಂದ್ರತೆ, ಒಳಗಿನ ತೇವ ಇವುಗಳನ್ನನುಸರಿಸಿ ಈ ಅಂಕಿಗಳು ಅತ್ತಿತ್ತ ಸರಿಯುವುದುಂಟು. ಕೆಂಪುಕಲ್ಲಿನಲ್ಲಂತೂ ಗಣಿಯಿಂದ ಗಣಿಗೆ ಬಹಳ ವ್ಯತ್ಯಾಸ. ಆದರೂ ಗಮನಿಸತಕ್ಕ ಸಂಗತಿಯೊಂದಿದೆ: ಮೊದಲ ಮೂರರ ನಡುವಿನ ಅಂತರವು ನಾವು ಊಹಿಸುವಷ್ಟು ದೊಡ್ಡದಲ್ಲ. ಮಣ್ಣು ಸ್ವಭಾವತಃ ತಂಪು, ಸಿಮೆಂಟು ಸ್ವಭಾವತಃ ಉಷ್ಣ ಎಂಬ ಜನಜನಿತ ನಂಬಿಕೆಯಲ್ಲಿ ಸತ್ಯಾಂಶವಿರುವುದಾದರೂ, ಅದರ ಬಹುಪಾಲು ಪುಣ್ಯವು ಮಣ್ಣಿಗಲ್ಲ, ಹಳೆಯ ಮಣ್ಣಿನ ಗೋಡೆಯ ದಪ್ಪಕ್ಕೆ ಸಲ್ಲತಕ್ಕದ್ದು.

ಎರಡನೆಯ ವ್ಯವಹಾರವು ಕಾಲಕ್ಕೆ ಸಂಬಂಧಿಸಿದುದು. ನಿಜವಾದ ವ್ಯತ್ಯಾಸ ತೋರುವುದು ಇಲ್ಲಿ. ಗೋಡೆಯು ಹಗಲಿನಲ್ಲಿ ಸೂರ್ಯನಿಂದ ಶಾಖವನ್ನು ಸಾಲ ತೆಗೆದು ರಾತ್ರಿ ಮನೆಯವರಿಗೆ ತೀರಿಸುತ್ತದೆ. ತೀರಿಸುವ ಗಳಿಗೆ ಯಾವುದೆಂಬುದನ್ನು ದಪ್ಪವೂ ಪದಾರ್ಥವೂ ಕೂಡಿ ನಿರ್ಣಯಿಸುತ್ತವೆ. ಪಡುವಣ ಗೋಡೆಯ ಹೊರಮೈ ಸಂಜೆ ನಾಲ್ಕಕ್ಕೆ ಅತ್ಯಂತ ಕಾದಿರುವುದೆಂದು ಇಟ್ಟುಕೊಳ್ಳೋಣ. ಆರು ಅಂಗುಲದ ಗಟ್ಟಿ ಬ್ಲಾಕಿನಲ್ಲಿ ಆ ಕಾವು ಸುಮಾರು ನಾಲ್ಕು ಗಂಟೆಯಲ್ಲಿ, ಎಂದರೆ ರಾತ್ರಿ ಎಂಟರ ಸುಮಾರಿಗೆ, ಒಳಮೈಯನ್ನು ಮುಟ್ಟುವುದು, ಮತ್ತು ಹೊರಮೈಯ ಏರಿಳಿತದಲ್ಲಿ ಮೂರನೆಯ ಒಂದು ಪಾಲಿನಷ್ಟು ಒಳಗೂ ಕಾಣಿಸುವುದು. ಒತ್ತಿದ ಮಣ್ಣಿನ ಏಳೂವರೆ ಅಂಗುಲದಲ್ಲಿ ಐದೂವರೆ ಗಂಟೆ, ನಾಲ್ಕನೆಯ ಒಂದು ಪಾಲು. ಒಂಬತ್ತು ಅಂಗುಲದ ಹಾರುಬೂದಿಯಲ್ಲಿಯೂ ಕೆಂಪುಕಲ್ಲಿನಲ್ಲಿಯೂ ಏಳು ಗಂಟೆಯ ಆಸುಪಾಸು, ಆರನೆಯ ಒಂದು ಪಾಲು. ತೆಳುವಾದ ಬ್ಲಾಕಿನ ಗೋಡೆಯು ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಗಿಂತ ಎರಡು ಪಟ್ಟು ಉಗ್ರವಾಗಿ, ಮೂರು ಗಂಟೆ ಮುಂಚೆ ಕಾಯುತ್ತದೆ ಎಂಬುದು ಇದರ ತಾತ್ಪರ್ಯ.

ಇದನ್ನೋದಿ ದಪ್ಪ ಗೋಡೆಯೇ ಸರ್ವಥಾ ಶ್ರೇಯಸ್ಕರವೆಂದು ಹೇಳಿಬಿಡುವುದು ಸುಲಭ. ಆದರೆ ನಾಲ್ಕರ ಮೇಲೆ ಏಳು ಗಂಟೆ ಕೂಡಿದರೆ ರಾತ್ರಿ ಹನ್ನೊಂದಾಗುತ್ತದೆ, ಅದು ಮನೆಮಂದಿ ಮಲಗುವ ಹೊತ್ತು. ಹಗಲಿಡೀ ಮಗ್ಗದ ಮುಂದೆ ಕೂತು ರಾತ್ರಿ ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ಮಲಗುತ್ತಿದ್ದ ಕಾಲದಲ್ಲಿ ತಡವಾಗಿ ಕಾಯುವ ಗೋಡೆಯಿಂದ ಯಾರಿಗೂ ಬಾಧೆಯಿರಲಿಲ್ಲ. ಈಗ ಬಾಗಿಲಿಕ್ಕಿಕೊಂಡು ಪಡುವಣದ ಕೋಣೆಯಲ್ಲಿಯೇ ಮಲಗುವ ಕುಟುಂಬಕ್ಕೆ ಅದೇ ಗೋಡೆ ನಡುರಾತ್ರಿಯ ಒಲೆಯಾಗಬಹುದು. ಆದ್ದರಿಂದ ಒಂಬತ್ತು ಅಂಗುಲದ ಗೋಡೆಯನ್ನು ಕಟ್ಟಿಸುವವರು ಅದರೊಡನೆ ಎರಡು ಕಿಟಕಿಗಳನ್ನು ಎದುರುಬದುರಾಗಿ ಇರಿಸಿ, ಹಗಲು ಮುಚ್ಚಿ ರಾತ್ರಿ ತೆರೆಯುವ ರೂಢಿಯನ್ನೂ ಇಟ್ಟುಕೊಳ್ಳಬೇಕು. ಇಲ್ಲವೇ ಪಡುವಣದಲ್ಲಿ ಅಡುಗೆಮನೆ, ಬಚ್ಚಲು, ಮೆಟ್ಟಿಲುಗಳನ್ನು ಹಾಕಿ ಮಲಗುವ ಕೋಣೆಯನ್ನು ಮೂಡಣಕ್ಕೆ ಸರಿಸಬೇಕು. ನನ್ನ ಮಟ್ಟಿಗೆ ಹೇಳುವುದಾದರೆ ಎರಡನೆಯ ಉಪಾಯವೇ ಮೇಲು, ಏಕೆಂದರೆ ಅದಕ್ಕೆ ದುಡ್ಡು ಬೇಕಿಲ್ಲ.

ಇನ್ನು ವೆಚ್ಚದ ಮಾತು. ದರಗಳು ಹಂಗಾಮಿನೊಡನೆ ಏರಿಳಿಯುವುವಾದುದರಿಂದ ದರಕ್ಕಿಂತ ಪರಿಮಾಣವನ್ನು ಹೇಳುವುದು ಉಚಿತ. ಓದುಗರು ತಮ್ಮ ಊರಿನ ದರವನ್ನು ಅದಕ್ಕೆ ಹಚ್ಚಿ ನೋಡಿಕೊಳ್ಳಬಹುದು. ಮೇಲೆ ಹೇಳಿದ ಇಪ್ಪತ್ತು-ಮೂವತ್ತರ ಸೈಟಿನ ಮೂಡುಮುಖದ ಮನೆಯನ್ನೇ ತೆಗೆದುಕೊಂಡರೆ, ಅದರ ಪಡುವಣ ಗೋಡೆ ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರ, ಒಟ್ಟು 200 ಚದರಡಿ.

ಈ ಗೋಡೆಯನ್ನು ಆರು ಅಂಗುಲದ ಸಿಮೆಂಟ್ ಬ್ಲಾಕಿನಿಂದ ಎಬ್ಬಿಸಲು ಸುಮಾರು 215 ಬ್ಲಾಕುಗಳು ಸಾಕು. ಒಂದೊಂದೂ ಇಪ್ಪತ್ತೇಳು ಕಿಲೋಗ್ರಾಮಿನಷ್ಟು ಭಾರ. ಆದರೆ ಸಂದುಗಳು ಕಡಿಮೆಯಾದುದರಿಂದ ಗಾರೆ ಏಳು ಘನ ಅಡಿಯ ಸುಮಾರು, ಅದಕ್ಕೆ ಒಂದು ಚೀಲ ಸಿಮೆಂಟು. ಅದೇ ಗೋಡೆಯನ್ನು ಒಂಬತ್ತು ಅಂಗುಲದ ಹಾರುಬೂದಿ ಇಟ್ಟಿಗೆಯಿಂದ ಕಟ್ಟಿದರೆ 1750 ಇಟ್ಟಿಗೆ, ಮೂವತ್ತನಾಲ್ಕು ಘನ ಅಡಿ ಗಾರೆ, ಐದು ಚೀಲ ಸಿಮೆಂಟು. ನಮ್ಮ ಸೀಮೆಯಲ್ಲಿ ಬ್ಲಾಕು ಏಕೆ ಇಷ್ಟು ಬೇಗ ಗೆದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ. ಒಂದೊಂದು ಬ್ಲಾಕಿನ ಬೆಲೆಯಲ್ಲಿ ಅಲ್ಲ, ಗೌಂಡಿಯ ಕೂಲಿಯಲ್ಲಿ ಮತ್ತು ಉಸುಕಿನ ಲೆಕ್ಕದಲ್ಲಿ ಅದು ಗೆಲ್ಲುವುದು. "ಬ್ಲಾಕ್ ಹಾಕ್ರಿ ಮಾಲಕ್ರ, ಎಂಟು ದಿನದಾಗ ಗ್ವಾಡಿ ಎದ್ದು ನಿಂದರ್ತಾವ" ಎಂದು ಗೌಂಡಿಯು ಹೇಳುವಾಗ ಅವನು ತನ್ನ ಲಾಭಕ್ಕಾಗಿ ಮಾತ್ರ ಹೇಳುತ್ತಿರುವುದಿಲ್ಲ.

ಆದರೆ ಎಂಟು ದಿನದಲ್ಲಿ ಎದ್ದ ಗೋಡೆ ಎಂಟು ತಿಂಗಳಲ್ಲಿ ಬಿರುಕು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಸಿಮೆಂಟ್ ಬ್ಲಾಕು ಒಣಗುತ್ತ ಕುಗ್ಗುವ ಪದಾರ್ಥ. ಎರಡು ವಾರ ನೀರುಣಿಸಿ, ಅನಂತರ ತಿಂಗಳೊಂದರ ಕಾಲ ಒಣಗಲು ಬಿಟ್ಟು ಬಳಸಿದರೆ ಕುಗ್ಗುವ ಕೆಲಸವನ್ನು ಅಂಗಳದಲ್ಲಿಯೇ ಮುಗಿಸಿಕೊಳ್ಳುವುದು. ಹಸಿಯಾಗಿ ತಂದು ಗೋಡೆಗಿಟ್ಟರೆ ಗೋಡೆಯಲ್ಲಿಯೇ ಕುಗ್ಗಿ, ಸಂದುಗಳ ಗುಂಟ ಮೆಟ್ಟಿಲಿನಾಕಾರದ ಬಿರುಕನ್ನು ತೋರಿಸುವುದು. ಸುಟ್ಟ ಇಟ್ಟಿಗೆಯ ಅಭ್ಯಾಸವಿರುವ ಗೌಂಡಿಗಳು ಬ್ಲಾಕನ್ನೂ ನೀರಿನಲ್ಲಿ ಮುಳುಗಿಸಿ ಕಟ್ಟುವುದುಂಟು. ಅದು ತಪ್ಪು, ಮೈಯನ್ನು ತುಸು ಒದ್ದೆ ಮಾಡಿದರೆ ಸಾಕು. ಪೊಳ್ಳು ಬ್ಲಾಕಾದರೆ ಒಳಗಿನ ಗಾಳಿಯ ಗೂಡುಗಳಿಂದಾಗಿ ಶಾಖವನ್ನು ತಡೆಯುವುದರಲ್ಲಿ ಗಟ್ಟಿ ಬ್ಲಾಕಿಗಿಂತ ಉತ್ತಮ. ಭಾರ ಕಡಿಮೆಯಾದುದರಿಂದ ಕಾವನ್ನು ಹಿಡಿದಿಡುವ ಶಕ್ತಿಯೂ ಕಡಿಮೆ.

ಹಾರುಬೂದಿಯ ಇಟ್ಟಿಗೆಗೆ ನಮ್ಮ ಭಾಗದಲ್ಲಿ ಒಂದು ವಿಶೇಷ ಅನುಕೂಲವಿದೆ. ಆಲಮಟ್ಟಿಯ ಆಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳ ಶಾಖೋತ್ಪನ್ನ ಸ್ಥಾವರವಿದ್ದು, ಕಲ್ಲಿದ್ದಲು ಉರಿದುಳಿದ ಬೂದಿಯನ್ನು ಸಾಗಿಸುವುದೇ ಅದಕ್ಕೊಂದು ಹೊರೆ. ಇಂಥ ಬೂದಿಯನ್ನು ಇಟ್ಟಿಗೆ ಮುಂತಾದುವಕ್ಕೆ ಬಳಸಬೇಕೆಂದು ಕೇಂದ್ರ ಸರಕಾರವು 1999ರಿಂದಲೇ ಅಧಿಸೂಚನೆಗಳನ್ನು ಹೊರಡಿಸುತ್ತ ಬಂದಿದೆ. ಬೂದಿಗೆ ಸುಣ್ಣ-ಜಿಪ್ಸಮ್ಮನ್ನಾಗಲಿ ಸಿಮೆಂಟನ್ನಾಗಲಿ, ಕಲ್ಲಿನ ಪುಡಿಯನ್ನೂ ಬೆರೆಸಿ ಯಂತ್ರದಲ್ಲಿ ಒತ್ತಿದ ಈ ಇಟ್ಟಿಗೆಯನ್ನು ಸುಡುವುದಿಲ್ಲ. ವಾರಗಟ್ಟಲೆ ನೀರುಣಿಸಿದಾಗ ಬೂದಿಯೂ ಸುಣ್ಣವೂ ನಿಧಾನವಾಗಿ ಬೆಸೆದು ಗಟ್ಟಿಯಾಗುತ್ತವೆ. ಮೋಸ ನಡೆಯುವುದೂ ಇಲ್ಲಿಯೇ. ಬೇಡಿಕೆಯ ದಿನಗಳಲ್ಲಿ ನಾಲ್ಕೈದು ದಿನದ ಇಟ್ಟಿಗೆ ಲಾರಿಯೇರುತ್ತದೆ. ನೋಡುವುದಕ್ಕೆ ಅದಕ್ಕೂ ಬಲಿತ ಇಟ್ಟಿಗೆಗೂ ಭೇದವಿಲ್ಲ. ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ, ಎರಡನ್ನು ತಟ್ಟಿದಾಗ ಟಣ್ಣೆನ್ನದೆ ಮಂದವಾದ ಸದ್ದು ಬಂದರೆ, ಎದೆಯೆತ್ತರದಿಂದ ನೆಲಕ್ಕೆ ಬಿಟ್ಟಾಗ ಚೂರುಚೂರಾದರೆ ಅದನ್ನು ಹಿಂದಿರುಗಿಸುವುದೇ ಯುಕ್ತ. ಇನ್ನೂ ನಿಶ್ಚಯ ಬೇಕೆನ್ನುವವರು ಒಣ ಇಟ್ಟಿಗೆಯನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದರೆ, ಹೆಚ್ಚಿದ ತೂಕವು ಮೊದಲಿನದರ ಐದನೆಯ ಒಂದು ಪಾಲನ್ನು ಮೀರಿರಬಾರದು. ಇದರ ಮೈ ನುಣುಪಾದುದರಿಂದ ಗಿಲಾಯಿ ಹಿಡಿಯದೆ ಸಿಡಿದು ಬೀಳುವುದೆಂಬ ದೂರಿದೆ. ಗಾರೆ ಹಸಿಯಿರುವಾಗಲೇ ಸಂದುಗಳನ್ನು ಅರ್ಧ ಅಂಗುಲ ಕೆರೆದಿಟ್ಟು, ಗೋಡೆಯನ್ನು ತೋಯಿಸಿ ಹಚ್ಚಿದರೆ ಆ ದೂರಿಗೆ ಎಡೆಯಿರದು.

ಒತ್ತಿದ ಮಣ್ಣಿನ ಇಟ್ಟಿಗೆಯ ವಿಷಯದಲ್ಲಿ ಕನ್ನಡನಾಡಿಗೆ ಹೆಮ್ಮೆಪಡುವ ಅಧಿಕಾರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಲ್ಲಿ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ದಶಕಗಳ ಕಾಲ ಈ ಇಟ್ಟಿಗೆಯ ಗುಣದೋಷಗಳನ್ನು ಶೋಧಿಸಿದರು. ಅವರ ಪ್ರಯೋಗಗಳಿಂದ ಸಿದ್ಧವಾದ ಸಂಗತಿಯೆಂದರೆ, ಇದಕ್ಕೆ ಬೇಕಾದುದು ಜಿಗುಟಾದ ಮಣ್ಣಲ್ಲ, ಮರಳುಮಣ್ಣು: ನೂರು ಪಾಲಿನಲ್ಲಿ ಅರವತ್ತು-ಎಪ್ಪತ್ತು ಪಾಲು ಮರಳು, ಹತ್ತು-ಹದಿನೈದು ಪಾಲು ಜೇಡಿ, ಅದೂ ನೀರು ಕುಡಿದು ಉಬ್ಬದಂಥ ಜೇಡಿ. ರಬಕವಿಯ ನೇಕಾರನ ಮನೆಯ ಸುತ್ತ ಇರುವ ಎರೆಮಣ್ಣು ಇದಕ್ಕೆ ತದ್ವಿರುದ್ಧವಾದ ಸ್ವಭಾವದ್ದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣಿಗೆ ಸಿಮೆಂಟು ಬೆರೆಸಿ ಎಷ್ಟು ಒತ್ತಿದರೂ ಅದು ತನ್ನ ಜಾತಿಗುಣವನ್ನು ಬಿಡುವುದಿಲ್ಲ. ಎರೆಯ ಹೊಲದಲ್ಲಿ ಪಾಯ ತೋಡಿ, ತೆಗೆದ ಮಣ್ಣಿನಿಂದಲೇ ಗೋಡೆಯೆಬ್ಬಿಸುವೆನೆಂಬುದು ಇಲ್ಲಿ ಕೇವಲ ಮನೋರಥ. ಮಸಾರಿ ಭೂಮಿಯಿರುವ ಕಡೆ ಸಂಗತಿ ಬೇರೆ. ಅಲ್ಲಿ ಅಗತ್ಯವಿದ್ದಷ್ಟು ಉಸುಕನ್ನೋ ಕಲ್ಲಿನ ಪುಡಿಯನ್ನೋ ಕೂಡಿಸಿದರೆ ಒಳ್ಳೆಯ ಇಟ್ಟಿಗೆ ಬರುವುದು.

ಪರೀಕ್ಷೆ ಸರಳವಾದುದು. ಗಾಜಿನ ಶೀಶೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಬೆರೆಸಿ ಚೆನ್ನಾಗಿ ಕುಲುಕಿ ಇಟ್ಟರೆ, ಮರಳು ಕೂಡಲೇ ತಳಕ್ಕಿಳಿಯುವುದು, ಅದರ ಮೇಲೆ ಸಣ್ಣ ಪುಡಿ, ಮರುದಿನ ಜೇಡಿಯ ಪದರ. ಅಡಿಕೋಲಿಟ್ಟು ಮೂರನ್ನೂ ಅಳೆಯಬಹುದು. ಇಟ್ಟಿಗೆ ತಯಾರಾದ ಮೇಲೆ ಮೂರು ವಾರ ಹುಲ್ಲಿನಡಿಯಲ್ಲಿ ತೇವವಾಗಿರಿಸಿ, ಒಂದನ್ನು ಇಡೀ ದಿನ ನೀರಿನಲ್ಲಿ ಮುಳುಗಿಸಿ ತೆಗೆದಾಗ ಅಂಚು ಕರಗಿದ್ದರೆ ಆ ಮಿಶ್ರಣ ನಿಷ್ಪ್ರಯೋಜಕ. ಈ ನೀರಿನ ಪರೀಕ್ಷೆಯನ್ನು ಹೊಳೆದಂಡೆಯವರು ಎಂದಿಗೂ ಬಿಡಬಾರದು, ಏಕೆಂದರೆ ನೆನೆದ ಮಣ್ಣಿನ ಇಟ್ಟಿಗೆಯ ಬಲ ಒಣಗಿದುದರ ಅರ್ಧಕ್ಕೆ ಇಳಿಯುವುದು. ನೆಲದಿಂದ ಎರಡು ಅಡಿಯವರೆಗೆ ಕಲ್ಲಿನ ಕಟ್ಟಡವನ್ನೇ ಕಟ್ಟಿ ಅದರ ಮೇಲೆ ಇದನ್ನಿಡುವುದು ವಿವೇಕ.

ಮಣ್ಣಿನದೆಂಬ ಮಾತ್ರಕ್ಕೆ ಇದು ಅಗ್ಗವೆಂದೂ ಭಾವಿಸಲಾಗದು. ನಮ್ಮ 200 ಚದರಡಿಯ ಗೋಡೆಗೆ 700 ಇಟ್ಟಿಗೆ. ನೂರಕ್ಕೆ ಏಳರಂತೆ ಸಿಮೆಂಟು ಬೆರೆಸಿದರೆ ಇಟ್ಟಿಗೆಗಳೊಳಗೇ ಎಂಟು ಚೀಲ, ಗಾರೆಗೆ ಮತ್ತೆ ಎರಡೂವರೆ. ಹೊರಗಿನ ಗಿಲಾಯಿಯನ್ನು ಬಿಟ್ಟುದರಿಂದ ಒಂದೂವರೆ ಚೀಲವೂ ಗೌಂಡಿಯ ಕೂಲಿಯೂ ಉಳಿದರೂ, ಮಣ್ಣು ಜರಡಿ ಹಿಡಿದು, ಕಲಸಿ, ಕೈಯಂತ್ರದಲ್ಲಿ ಒತ್ತಿ, ಸಾಲಿಟ್ಟು ನೀರುಣಿಸುವ ಆಳುಗಳ ಕೂಲಿ ಅದನ್ನು ನುಂಗಿಬಿಡುವುದು. ಮನೆಮಂದಿಯೇ ದುಡಿಯುವಲ್ಲಿ ಮಾತ್ರ ಇದು ನಿಜವಾಗಿ ಅಗ್ಗ.

ಕೆಂಪುಕಲ್ಲಿನ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕರಾವಳಿಯಲ್ಲಿ ಮುರಕಲ್ಲೆಂದು ಕರೆಯುವ, ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮಿದುವಾಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕಲ್ಲು ಕಾಸರಗೋಡಿನಿಂದ ಕಾರವಾರದವರೆಗೆ ಮನೆಗಳಿಗೆ ಆಧಾರವಾಗಿದೆ. ನಮಗೆ ಸಮೀಪವೆಂದರೆ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯದು. ಗಿಲಾಯಿಯಿಲ್ಲದೆಯೇ ಚೆಂದವಾಗಿ ಕಾಣುವ ಕಲ್ಲು, ನಿಜ. ಆದರೆ ನಮ್ಮ ಒಂದು ಪಡುವಣ ಗೋಡೆಗೇ ಎಂಟು ಟನ್ನಿನಷ್ಟು ಕಲ್ಲು ಬೇಕು, ಮತ್ತು ಅದು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಬರಬೇಕು. ಹೀಗೆ ಬಂದ ಮೇಲೂ ಅದು ಹಾರುಬೂದಿಯ ಗೋಡೆಗಿಂತ ಹೆಚ್ಚು ತಂಪನ್ನೇನೂ ಕೊಡುವುದಿಲ್ಲ. ಕಲ್ಲಿನ ಬೆಲೆಗಿಂತ ಬಾಡಿಗೆಯೇ ಭಾರವಾಗುವ ಈ ವ್ಯಾಪಾರದಲ್ಲಿ ರಬಕವಿಯವರಿಗೆ ಶೋಭೆಯ ಹೊರತು ಬೇರೆ ಪ್ರಯೋಜನ ನನಗೆ ಕಾಣದು.

ಹಾಗಾದರೆ ಏನು ಮಾಡತಕ್ಕದ್ದು? ಇಡೀ ಮನೆಗೆ ಒಂಬತ್ತು ಅಂಗುಲದ ಗೋಡೆ ಹಾಕಿದರೆ, ಆರು ಅಂಗುಲದ್ದಕ್ಕೆ ಹೋಲಿಸಿ, ಸುತ್ತಳತೆಯ ನೂರು ಅಡಿಯುದ್ದಕ್ಕೂ ಮೂರು ಅಂಗುಲದಂತೆ ಇಪ್ಪತ್ತೈದು ಚದರಡಿ ಜಾಗ ನಷ್ಟ, ಒಂದು ಬಚ್ಚಲಿನಷ್ಟು. ಪಡುವಣಕ್ಕೆ ಮಾತ್ರ ಹಾಕಿದರೆ ನಷ್ಟ ಐದೇ ಚದರಡಿ. ಆದುದರಿಂದ ಪಡುವಣ ಗೋಡೆಯನ್ನು ಒಂಬತ್ತು ಅಂಗುಲದ ಹಾರುಬೂದಿ ಇಟ್ಟಿಗೆಯಿಂದಲೂ ಉಳಿದ ಮೂರನ್ನು ಬ್ಲಾಕಿನಿಂದಲೂ ಕಟ್ಟುವುದು ನನಗೆ ಒಪ್ಪಿತವಾದ ಮಾರ್ಗ. ಎರಡು ಪದಾರ್ಥಗಳ ಕುಗ್ಗುವಿಕೆ ಬೇರೆಬೇರೆಯಾದುದರಿಂದ ಅವು ಕೂಡುವ ಮೂಲೆಯಲ್ಲಿ ಸೀಳು ಕಾಣುವುದು ಖಂಡಿತ. ಅಲ್ಲಿ ಕಾಂಕ್ರೀಟಿನ ಕಂಬವಿದ್ದರೆ, ಗಿಲಾಯಿಯ ಕೆಳಗೆ ಗೇಣಗಲದ ತಂತಿಜಾಳಿಗೆಯನ್ನೂ ಬಡಿದರೆ ಆ ಭಯ ತಪ್ಪುವುದು.

ಇಷ್ಟೆಲ್ಲ ಹೇಳಿದ ಮೇಲೂ ಗೋಡೆಯು ಚಿಕ್ಕಣ್ಣನೇ, ದೊಡ್ಡಣ್ಣನು ಮೇಲಿದ್ದಾನೆ. ಐದು ಅಂಗುಲದ ಬೋಳು ಕಾಂಕ್ರೀಟಿನ ಸ್ಲ್ಯಾಬು ಪ್ರತಿ ಚದರ ಮೀಟರಿಗೆ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಯ ಎರಡು ಪಟ್ಟು ಶಾಖವನ್ನು ಒಳಗೆ ಬಿಡುವುದು. ವಿಸ್ತೀರ್ಣದಲ್ಲಿ ಅದು ಪಡುವಣ ಗೋಡೆಯ ಮೂರು ಪಟ್ಟು. ಮೇಲಾಗಿ ನೆತ್ತಿಯ ಬಿಸಿಲು ಬೀಳುವುದು ಅದರ ಮೇಲೆಯೇ. ಗೋಡೆಗೆ ಉತ್ತಮ ಇಟ್ಟಿಗೆ ಹಾಕಿಸಿ ಸ್ಲ್ಯಾಬನ್ನು ಕಪ್ಪಾಗಿ ಬೋಳಾಗಿ ಬಿಟ್ಟವರಿಗೆ ಇಟ್ಟಿಗೆಯ ಫಲ ಅನುಭವಕ್ಕೆ ಬರುವುದೇ ಇಲ್ಲ. ಪ್ರತಿ ಫಾಲ್ಗುಣದಲ್ಲಿ ಸ್ಲ್ಯಾಬಿಗೆ ಸುಣ್ಣದ ಬಿಳುಪು ಬಳಿಯುವುದಕ್ಕೆ ತಗಲುವ ಖರ್ಚಿಗೆ ಸಮನಾಗಿ ತಂಪು ಕೊಡುವ ಇಟ್ಟಿಗೆ ನಾಲ್ಕರಲ್ಲಿ ಯಾವುದೂ ಇಲ್ಲ.

ವಿದ್ಯುತ್ ಮಗ್ಗದ ಷೆಡ್ಡುಗಳಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಮೇಲೆ ಪತ್ರಾಸು, ಕೆಳಗೆ ಮೋಟಾರುಗಳ ಕಾವು, ಗೋಡೆ ಯಾವುದಾದರೇನು? ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ, ನಮ್ಮಷ್ಟೇ ಬಿಸಿಲಿನ ಗಾಂಡೋ ಎಂಬ ಹಳ್ಳಿಯಲ್ಲಿ, ಆ ಹಳ್ಳಿಯವರೇ ಆದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೇರೆಯವರು 2001ರಲ್ಲಿ ಮುಗಿಸಿದ ಶಾಲೆಗೆ ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆಗಳಿವೆ. ಮುಂದೆ 2022ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದ ಅವರ ಜಾಣ್ಮೆಯ ಮರ್ಮವಿರುವುದು ಗೋಡೆಗಿಂತ ಹೆಚ್ಚಾಗಿ ಮಾಡಿನಲ್ಲಿ. ತಗಡನ್ನು ಗೋಡೆಯ ಮೇಲೆಯೇ ಹೊದಿಸದೆ, ಕೆಳಗೆ ಇಟ್ಟಿಗೆಯದೊಂದು ಒಳಮಾಡನ್ನು ಮಾಡಿ, ತಗಡನ್ನು ಅದರಿಂದ ಬಹಳ ಮೇಲಕ್ಕೆ ಎತ್ತಿ ನಿಲ್ಲಿಸಿ, ಎರಡರ ನಡುವೆ ಗಾಳಿಯಾಡುವಂತೆ ಬಿಟ್ಟಿದ್ದಾರೆ; ಕಾದ ತಗಡಿನ ಶಾಖವನ್ನು ಆ ಗಾಳಿಯೇ ಹೊತ್ತೊಯ್ಯುತ್ತದೆ. ಬನಹಟ್ಟಿಯ ಮಗ್ಗದ ಷೆಡ್ಡಿಗೆ ಇಟ್ಟಿಗೆಯ ಒಳಮಾಡು ದುಬಾರಿಯಾದೀತು. ಪತ್ರಾಸಿನ ಕೆಳಗೆ ಒಂದೂವರೆ ಅಡಿ ಬಿಟ್ಟು ಬಿದಿರಿನ ತಟ್ಟಿಯನ್ನು ಕಟ್ಟಿ, ಎರಡೂ ತುದಿಯ ಗೋಡೆಗಳ ನೆತ್ತಿಯಲ್ಲಿ ಗಾಳಿಕಿಂಡಿಗಳನ್ನು ತೆರೆದು, ಗೋಡೆಗಳಿಗೆ ಅತ್ಯಂತ ಅಗ್ಗವಾದ ಪೊಳ್ಳು ಬ್ಲಾಕನ್ನೇ ಹಾಕಿಸಿಕೊಂಡರೆ ಸಾಕಾಗುತ್ತದೆ. ತಟ್ಟಿಗೆ ಬೆಂಕಿಯ ಅಂಜಿಕೆಯಿರುವಲ್ಲಿ, ಹತ್ತಿಯ ಧೂಳು ಹಾರುವ ಷೆಡ್ಡಿನಲ್ಲಿ ಅದು ಇದ್ದೇ ಇರುತ್ತದೆ, ಬಿದಿರಿನ ಬದಲು ಸಿಮೆಂಟಿನ ತೆಳು ಹಲಗೆಯನ್ನು ಬಳಸಬೇಕು.